ಒಂದೇ ಬೆಂಚಿನ ಬೈಗುಳ

“ಗುರುಗಳೇ, ಸುಳ್ಳು ಹೇಳಿ ಬೈದರೆ ನಗುವವನು ನಿಜ ಹೇಳಿದರೆ ಯಾಕೆ ಮುನಿಸಿಕೊಳ್ಳುತ್ತಾನೆ?”

ಕೇಳಿದವನು ಚನ್ನವೀರ. ಮಠದಲ್ಲಿ ಸಂಗೀತ ಕಲಿಯುತ್ತಿದ್ದ ಶಿಷ್ಯ. ಬೆಳಗಿನಿಂದ ಇದೇ ಪ್ರಶ್ನೆ ಹೊತ್ತುಕೊಂಡು ಗುರುಗಳ ಬೆನ್ನು ಹತ್ತಿದ್ದ. ಅವನ ಜೊತೆಗಾರ ಸಂಗಯ್ಯನ ಮೇಲಿನ ದೂರು ಅದು. ಇಬ್ಬರೂ ದಿನವೂ ಒಬ್ಬರನ್ನೊಬ್ಬರು ಆಡಿಕೊಳ್ಳುವವರು. ನೀನು ಹಾಡಿದರೆ ಗೋಡೆಯ ಸುಣ್ಣ ಉದುರುತ್ತದೆ ಎಂದರೆ ಸಂಗಯ್ಯ ಹೊಟ್ಟೆ ಹಿಡಿದು ನಗುತ್ತಿದ್ದ. ನಿನ್ನೆ ಚನ್ನವೀರ ನಾಲ್ಕು ಜನರ ಎದುರಿಗೆ, ಮೆಲ್ಲನೆಯ ದನಿಯಲ್ಲಿ, “ಸಂಗಯ್ಯಾ, ನಿನಗೆ ಶ್ರುತಿಯೇ ಕೇಳಿಸುವುದಿಲ್ಲ. ಎಷ್ಟು ವರ್ಷ ಕಲಿತರೂ ಅಷ್ಟೇ” ಎಂದಿದ್ದ. ಸಂಗಯ್ಯ ತಂಬೂರಿ ಗೋಡೆಗೆ ಆನಿಸಿ ಎದ್ದು ಹೋಗಿದ್ದ.

“ನಾನು ಹೇಳಿದ್ದು ನಿಜವಲ್ಲವೇ, ಗುರುಗಳೇ? ನೀವೇ ಹೇಳಿ.”

ಗುರುಗಳು ಹಣೆ ಒತ್ತಿಕೊಂಡರು. “ನಿಜ, ನಿಜ, ನಿಜ. ಬೆಳಗಿನಿಂದ ನನ್ನ ಕಿವಿ ತೂತು ಬಿದ್ದಿದೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದರೆ ಎಬ್ಬಿಸಿ ಕಳಿಸುತ್ತೇನೆ.”

ಒಂದು ಊರಿನ ಶಾಲೆಯಲ್ಲಿ ಇಬ್ಬರು ಹುಡುಗಿಯರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಒಬ್ಬಳು ಕಸ್ತೂರಿ, ಇನ್ನೊಬ್ಬಳು ನೀಲಾ. ಬೆಂಚಿನ ನಡುವೆ ಸೀಮೆಸುಣ್ಣದ ಒಂದು ಗೆರೆ. ಗೆರೆ ಎಳೆದವಳು ಯಾರೆಂಬುದೇ ಒಂದು ಜಗಳ. ಒಬ್ಬಳ ಮೊಣಕೈ ಗೆರೆ ದಾಟಿದರೆ ಸಾಕು, ಆ ದಿನದ ಬೈಗುಳ ಶುರು.

“ನಿನ್ನ ತಲಿ ಎಣ್ಣಿಯೊಳಗ ಇಡೀ ಊರಿಗೆ ಆಗೋವಷ್ಟು ಬಜಿ ಕರೀಬಹುದು,” ಎನ್ನುವಳು ಕಸ್ತೂರಿ.

“ಕರಿ. ನಿನ್ನ ಮೂಗಿನ ಮ್ಯಾಲ ಆರಾಕ ಇಡೋಣು. ಜಾಗಾ ಬೇಕಾದಷ್ಟ ಐತಿ. ಮೂಗು ಸಾಲಿಗೆ ಬಂದು ತಾಸಾದ ಮ್ಯಾಲ ನೀ ಬರ್ತಿ,” ಎನ್ನುವಳು ನೀಲಾ.

ಕೇಳಿದವರಿಗೆ ಇದು ಬರೀ ಬಾಯಿ ಬಡಿತ. ಅಲ್ಲ. ಅದಕ್ಕೆ ಸಂಗೀತಕ್ಕಿಂತ ಕಟ್ಟುನಿಟ್ಟಾದ ನಿಯಮಗಳಿವೆ, ತಿಳಿಯಿತೇ? ಬೈದ ಮಾತಿನ ತುದಿಯನ್ನೇ ಹಿಡಿದು ಮರಳಿ ಬೈಯಬೇಕು. ಎಣ್ಣೆ ಎಂದರೆ ಬಜಿ ಬರಬೇಕು, ಬಜಿ ಎಂದರೆ ಅದನ್ನು ಇಡಲು ಮೂಗು ಬರಬೇಕು. ಹಿಂದಿನ ಬೆಂಚಿನವರ ನಗು ಆರುವ ಮೊದಲೇ ಉತ್ತರ ಬರಬೇಕು. ನಿನ್ನೆಯ ಬೈಗುಳವನ್ನು ಇವತ್ತು ತಂದರೆ ಹಳಸಲು ಎಂದು ಮೂಗು ಮುರಿಯುತ್ತಾರೆ. ಅತ್ತರೆ ಸೋಲು. ಪಾಠ ಹೇಳುವ ಅಕ್ಕೋರಿಗೆ ಚಾಡಿ ಹೇಳಿದರೆ ಸೋಲಿಗಿಂತ ಕಡೆ, ಆಮೇಲೆ ಯಾರೂ ನಿನ್ನನ್ನು ಬೈಯುವುದೂ ಇಲ್ಲ.

ಇವೆಲ್ಲದರ ಮೇಲೆ ಒಂದು ನಿಯಮವಿದೆ. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರುವುದಿಲ್ಲ. ಬೈಗುಳ ಶುದ್ಧ ಸುಳ್ಳಾಗಿರಬೇಕು. ಸುಳ್ಳೆಂದು ಬೈದವಳಿಗೂ ಗೊತ್ತಿರಬೇಕು, ಬೈಸಿಕೊಂಡವಳಿಗೂ ಗೊತ್ತಿರಬೇಕು, ನಗುವವರಿಗೂ ಗೊತ್ತಿರಬೇಕು. ತಲೆಯ ಎಣ್ಣೆಯಲ್ಲಿ ಊರಿಗೆಲ್ಲ ಬಜಿ ಕರಿಯಲು ಆಗುವುದಿಲ್ಲ. ಅದಕ್ಕೇ ನಗು.

ಅವರ ಅಕ್ಕೋರಿಗೆ ಇಬ್ಬರನ್ನೂ ನೋಡಿ ಸಾಕಾಗಿಹೋಗಿತ್ತು. ಒಮ್ಮೆ ಒಬ್ಬಳನ್ನು ಕಿಟಕಿಯ ಕಡೆಗೂ ಇನ್ನೊಬ್ಬಳನ್ನು ಬಾಗಿಲ ಕಡೆಗೂ ಕೂಡಿಸಿ ನೋಡಿದರು. ಅವರು ಅಲ್ಲಿಂದಲೇ ಕೂಗಿ ಬೈದುಕೊಂಡರು. ಪಕ್ಕದ ತರಗತಿಯ ಮಾಸ್ತರರು ಬಂದು ಇಣುಕಿದರು. ಅಕ್ಕೋರು ಕೈಮುಗಿದು, “ತಾಯಂದಿರಾ, ಹಳೇ ಬೆಂಚಿಗೇ ಹೋಗ್ರಿ. ನಿಮ್ಮ ಪುರಾಣ ಊರೆಲ್ಲಾ ಕೇಳೂದು ಬ್ಯಾಡ, ನಾ ಒಬ್ಬಾಕಿ ಕೇಳಿ ಸಾಯ್ತೀನಿ,” ಎಂದರು.

ಅದು ಮಧ್ಯಾಹ್ನದ ಊಟವನ್ನು ಮನೆಯಿಂದಲೇ ಡಬ್ಬಿಯಲ್ಲಿ ತರುವ ಶಾಲೆ. ಊಟದ ಹೊತ್ತಿಗೆ ಎಲ್ಲರೂ ಕೂತಲ್ಲೇ ಡಬ್ಬಿ ಬಿಚ್ಚಬೇಕು. ಆ ದಿನಗಳಲ್ಲಿ ನೀಲಾಳ ತಾಯಿ ಕಾಯಿಲೆಯಾಗಿ ದೂರದ ಊರಿನ ಆಸ್ಪತ್ರೆಯಲ್ಲಿದ್ದಳು. ತಂದೆಯೂ ಅಲ್ಲಿಯೇ. ಮನೆಯಲ್ಲಿದ್ದ ಅಜ್ಜಿಗೆ ಸಂಜೆ ಒಂದು ಹೊತ್ತು ಒಲೆ ಹಚ್ಚುವಷ್ಟೇ ಕಸುವು. ನೀಲಾ ಬೆಳಗ್ಗೆ ಖಾಲಿ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದಳು. ಊಟದ ಹೊತ್ತಿಗೆ ಮುಚ್ಚಳವನ್ನು ಕಸ್ತೂರಿಯ ಕಡೆಗೆ ಮರೆಯಾಗಿ ನೆಟ್ಟಗೆ ನಿಲ್ಲಿಸಿಕೊಳ್ಳುವಳು. ಅದರ ಹಿಂದೆ ಕೈ ಡಬ್ಬಿಗೆ ಹೋಗುವುದು, ಬಾಯಿಗೆ ಬರುವುದು. ಯಾರಿಗೂ ಅನುಮಾನವಿರಲಿಲ್ಲ. ಯಾರಿಗೂ ತಿಳಿಯಬಾರದು ಎಂಬುದೊಂದೇ ಅವಳ ಚಿಂತೆ. ಹಸಿವು ಆಮೇಲಿನದು.

ಹಾಗಿರುವಾಗ ಒಂದು ದಿನ ನೀಲಾಳ ಮೊಣಕೈ ಗೆರೆ ದಾಟಿತು. ಕಸ್ತೂರಿಯ ಎಣ್ಣೆಯ ಬೈಗುಳಗಳೆಲ್ಲ ತೀರಿದ್ದವು. ಬಾಯಿಗೆ ಬಂದದ್ದನ್ನು ಹೇಳಿದಳು:

“ನಿನ್ನ ಡಬ್ಬಿಯೊಳಗ ಗಾಳಿ ಬಿಟ್ಟರ ಏನೂ ಇಲ್ಲ. ಮುಚ್ಚಳಾ ತಗದರ ಅದೂ ಓಡಿ ಹೋಗತೈತಿ!”

ಹಿಂದಿನ ಬೆಂಚು ಗೊಳ್ಳೆಂದಿತು. ಕಸ್ತೂರಿ ಉತ್ತರಕ್ಕೆ ಕಾದಳು. ನಗು ಆರಿತು. ಉತ್ತರ ಬರಲಿಲ್ಲ. ನೀಲಾಳ ಕೈ ಮಾತ್ರ ತನ್ನ ಚೀಲದ ಮೇಲೆ ಹೋಗಿ ಅದನ್ನು ಅಮುಕಿ ಹಿಡಿಯಿತು.

ಆ ಕೈ ನೋಡಿ ಕಸ್ತೂರಿಗೆ ಎಲ್ಲ ತಿಳಿಯಿತು. ಬೈಯುವವರಿಗೆ ಬೈಸಿಕೊಳ್ಳುವವರ ಮುಖದ ಪರಿಚಯ ಹೆತ್ತವರಿಗಿಂತ ಹೆಚ್ಚು. ತಾನು ಹೇಳಿದ್ದು ನಿಜವಾಗಿಬಿಟ್ಟಿತ್ತು.

ಹಿಂದಿನ ಬೆಂಚಿನಲ್ಲಿ ಶಕುಂತಲಾ ಎಂಬ ಹುಡುಗಿ. ಅವಳಿಗೆ ಸ್ವಂತವಾಗಿ ಬೈಯಲು ಬರುವುದಿಲ್ಲ, ತೀರ್ಪು ಕೊಡಲು ಬರುತ್ತದೆ. ಇಂಥವರು ಎಲ್ಲ ಊರಿನಲ್ಲೂ ಇರುತ್ತಾರೆ. ಅವಳು, “ನೀಲಾ ಸೋತಳು! ಊಟದ ಹೊತ್ತಿನ್ಯಾಗ ಡಬ್ಬಿ ತಗದು ನೋಡೋಣು, ಗಾಳಿ ಐತೋ ಇಲ್ಲೋ,” ಎಂದಳು.

ಊಟಕ್ಕೆ ಇನ್ನೂ ಒಂದು ಪಾಠ ಬಾಕಿ ಇತ್ತು. ಆ ಪಾಠ ಏನೆಂದು ಇಬ್ಬರಿಗೂ ತಿಳಿಯಲಿಲ್ಲ. ತಪ್ಪಾಯಿತು ಎನ್ನಲೇ ಎಂದು ಕಸ್ತೂರಿ ಯೋಚಿಸಿದಳು. ಸುಳ್ಳು ಬೈದದ್ದಕ್ಕೆ ಇಷ್ಟು ದಿನ ಒಮ್ಮೆಯೂ ತಪ್ಪಾಯಿತು ಎಂದವಳಲ್ಲ. ಇವತ್ತು ಎಂದರೆ, ಇದು ನಿಜ ಎಂದು ಡಂಗುರ ಸಾರಿದ ಹಾಗೆ. ಅವಳಿಗೆ ತನ್ನ ನಾಲಿಗೆಯ ಮೇಲೆ ಸಿಟ್ಟು ಬಂತು. ಡಬ್ಬಿ ತರದೆ ಸುಮ್ಮನೆ ಹೊಟ್ಟೆ ನೋವು ಎನ್ನಬಾರದಿತ್ತೇ ಎಂದು ನೀಲಾಳ ಮೇಲೂ ಬಂತು.

ಗಂಟೆ ಹೊಡೆಯಿತು. ಕಸ್ತೂರಿ ತನ್ನ ಡಬ್ಬಿ ಬಿಚ್ಚಿದಳು. ರೊಟ್ಟಿ, ಬದನೆಕಾಯಿ ಪಲ್ಯ. ಒಂದು ರೊಟ್ಟಿ ಎತ್ತಿ ಗೆರೆಯ ಆಚೆಗೆ ಸರಿಸಿ, “ತಗೋ ನೀಲಾ,” ಎಂದಳು. ಮೆಲ್ಲಗೆ ಹೇಳಿದಳು. ಅದೇ ತಪ್ಪಾದದ್ದು. ಆ ಬೆಂಚಿನಿಂದ ಮೆಲ್ಲನೆಯ ಮಾತು ಯಾರೂ ಕೇಳಿರಲಿಲ್ಲ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ನೀಲಾ ರೊಟ್ಟಿಯನ್ನು ವಾಪಸು ತಳ್ಳಿದಳು. ಅವಳ ಕಣ್ಣು ತುಂಬಿತು. ಒಂದು ಹನಿ ಉದುರಿದ್ದರೆ ಎಲ್ಲ ಮುಗಿಯುತ್ತಿತ್ತು.

ಶಕುಂತಲಾ ಎದ್ದು ನಿಂತಳು.

ಕಸ್ತೂರಿಗೆ ರೇಗಿಹೋಯಿತು. ನೀಲಾಳ ಕಡೆ ತಿರುಗಿ ಸೂರು ಹಾರುವ ಹಾಗೆ ಕೂಗಿದಳು: “ಏ ಎಮ್ಮಿ! ಪ್ರೀತಿಗೆ ಕೊಡ್ತೀನಿ ಅಂತ ತಿಳಿದೇನು? ನಮ್ಮವ್ವ ಇವತ್ತ ಪಲ್ಯಾಕ್ಕ ಏನ ಹಾಕ್ಯಾಳೋ ಗೊತ್ತಿಲ್ಲ, ನಮ್ಮನಿ ನಾಯಿ ಮೂಸಿ ನೋಡಿ ಊರು ಬಿಟ್ಟು ಹೋಗೈತಿ. ಮೊದಲ ನೀ ತಿನ್ನು. ನೀ ಉಳದರ ನಾ ತಿಂತೀನಿ!”

ಹೀಗೆ ಕೂಗುತ್ತಲೇ, ನೀಲಾ ಎಂದಿನಂತೆ ನಿಲ್ಲಿಸಿಕೊಂಡಿದ್ದ ಮುಚ್ಚಳದ ಹಿಂದೆ ಕೈ ಹಾಕಿ ರೊಟ್ಟಿಯನ್ನೂ ಅರ್ಧ ಪಲ್ಯವನ್ನೂ ನೀಲಾಳ ಡಬ್ಬಿಗೆ ಸುರಿದಳು. ತರಗತಿ ನಕ್ಕಿತು. ನಗುತ್ತಿರುವವರು ಕೈ ನೋಡುವುದಿಲ್ಲ. ಶಕುಂತಲಾ ಬಗ್ಗಿ ಮುಚ್ಚಳ ಸರಿಸಿದಾಗ ಡಬ್ಬಿಯಲ್ಲಿ ರೊಟ್ಟಿ ಇತ್ತು, ಪಲ್ಯವಿತ್ತು. “ಏನೂ ಇಲ್ಲ ಅಂದಿ, ಎಲ್ಲಾ ಐತಲ್ಲ,” ಎಂದು ಗೊಣಗಿ ಕೂತಳು.

ಈಗ ನೀಲಾಳ ಸರದಿ. ಅವಳು ಉತ್ತರ ಕೊಡದಿದ್ದರೆ ಅದು ಭಿಕ್ಷೆಯಾಗುತ್ತಿತ್ತು. ಉತ್ತರ ಕೊಟ್ಟರೆ ಬೈಗುಳ. ಕಸ್ತೂರಿ ಅವಳ ಮುಖವನ್ನೇ ನೋಡುತ್ತಿದ್ದಳು, ಬೈ, ಬೈ, ಹಾಳಾದವಳೇ ಬೈ, ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಹಿಂದಿನ ಬೆಂಚಿನ ನಗು ಇನ್ನೇನು ಆರುವುದರಲ್ಲಿತ್ತು.

ನೀಲಾ ಮೂಗು ಒರೆಸಿಕೊಂಡಳು. ರೊಟ್ಟಿಯನ್ನು ಬೆಂಚಿಗೆ ಟಕಟಕ ಬಡಿದಳು.

“ಇದು ರೊಟ್ಟಿಯೋ, ಮನಿ ಮ್ಯಾಲಿನ ಹಂಚೋ? ನಮ್ಮನಿ ಸೋರಾಕತ್ತೈತಿ. ಇನ್ನೊಂದು ಕೊಡು, ಮ್ಯಾಲ ಹೊದಸ್ತೀನಿ.”

ಕಸ್ತೂರಿ ಇನ್ನೊಂದು ಕೊಟ್ಟಳು. “ತಗೋ. ನಿಮ್ಮನಿ ಗ್ವಾಡಿಗೂ ನಾಳೆ ತರ್ತೀನಿ,” ಎಂದಳು. ಇಬ್ಬರೂ ಬಾಯಿ ತುಂಬ ರೊಟ್ಟಿ ತುಂಬಿಕೊಂಡು ಬೈದುಕೊಂಡರು. ಅಕ್ಕೋರು ಬೆಂಕಿಕಡ್ಡಿಯ ಹಾಗೆ ಭುಗ್ಗೆಂದು, “ಉಣ್ಣೂ ಹೊತ್ತಿನ್ಯಾಗರ ಬಾಯಿ ಮುಚ್ಚಿರೆ, ರಾಕ್ಷಸಿಗಳಾ!” ಎಂದು ಡಸ್ಟರು ಕುಟ್ಟಿದರು. ಪಾಪ, ಅವರಿಗೇನು ಗೊತ್ತು.

ಮರುದಿನದಿಂದ ಕಸ್ತೂರಿ ತನ್ನವ್ವನಿಗೆ, ಹಸಿವು ಜಾಸ್ತಿಯಾಗಿದೆ, ಎರಡು ರೊಟ್ಟಿ ಹೆಚ್ಚಿಗೆ ಕಟ್ಟು ಎಂದಳು. ನೀಲಾ ದಿನವೂ ಆ ಅಡಿಗೆಯನ್ನು ಬೈದು ಬೈದು ಉಂಡಳು. ಚಟ್ನಿಯನ್ನು ಇಟ್ಟಂಗಿ ಪುಡಿ ಎಂದಳು. ಬೇಳೆಯನ್ನು ಹೊಂಡದ ನೀರು ಎಂದಳು. ತಾಯಿ ಆಸ್ಪತ್ರೆಯಿಂದ ಬರುವ ತನಕ ಬೈಗುಳಕ್ಕೂ ಬರವಿರಲಿಲ್ಲ, ಊಟಕ್ಕೂ ಇರಲಿಲ್ಲ. ಶಾಲೆಯಲ್ಲಿ ಒಬ್ಬರಿಗೂ ವಿಷಯ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ಕೂತಲ್ಲಿಂದಲೇ, “ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಡಬ್ಬಿ ಖಾಲಿ ಇದ್ದದ್ದು ನಿಜವೇ ತಾನೇ? ಸಂಗಯ್ಯನ ವಿಷಯದಲ್ಲಿಯೂ ನಾನು ಹೇಳಿದ್ದು…” ಎಂದ.

ಗುರುಗಳು ತಲೆ ಚಚ್ಚಿಕೊಂಡು ಎದ್ದು ನಿಂತರು.

“ನೀಲಾ ಉಂಡಳು, ಚನ್ನವೀರಾ. ಸಂಗಯ್ಯ ನಿನ್ನೆಯಿಂದ ಉಂಡಿದ್ದಾನೋ ಇಲ್ಲವೋ, ನೋಡಿದೆಯಾ?”