ನಡುಮನೆಯಲ್ಲಿ ಹಾಸಿದ ಚಾಪೆ

ಶಿಷ್ಯೆ ಕೇಳಿದಳು: "ಅಮ್ಮ, ನನ್ನ ಜೊತೆ ಕೋಣೆಯಲ್ಲಿರುವವಳು ಹೇಳದೆ ನೆಂಟರನ್ನು ತಂದು ಮಲಗಿಸುತ್ತಾಳೆ. ಮೊದಲೇ ತಿಳಿಸು ಅಂದರೆ ದರ್ಬಾರು ಮಾಡಿದ ಹಾಗಾಗುತ್ತದೆ. ಹೇಗೆ ಹೇಳಲಿ?"

ಗುರುತಾಯಿ ಹೇಳಿದಳು:

ಒಬ್ಬ ಹೊಲಿಗೆಯವಳು, ಒಬ್ಬ ಬಳೆಗಾರ್ತಿ ಸೇರಿ ಮನೆ ಬಾಡಿಗೆಗೆ ಹಿಡಿದಿದ್ದರು. ಹೊಲಿಗೆ ಯಂತ್ರ ನಡುಮನೆಯಲ್ಲಿತ್ತು. ಬಳೆಗಾರ್ತಿಯ ನೆಂಟರು ಮಲಗುತ್ತಿದ್ದುದೂ ಅಲ್ಲೇ. ಬೆಳಗ್ಗೆ ಅವರು ಏಳುವತನಕ ಯಂತ್ರ ತುಳಿಯುವಂತಿಲ್ಲ. ಹೇಳಿದ ಹೊತ್ತಿಗೆ ರವಿಕೆ ಸಿಗದೆ ಗಿರಾಕಿಗಳು ಬಟ್ಟೆ ವಾಪಸು ಒಯ್ಯತೊಡಗಿದರು.

ಬಾಯಿಬಿಟ್ಟು ಹೇಳಲು ಹೊಲಿಗೆಯವಳಿಗೆ ಸಂಕೋಚ. ತಾನು ಪಡುವ ಪಾಡು ನೋಡಿ ಬಳೆಗಾರ್ತಿಯೇ ನಾಚಿಕೊಳ್ಳಲಿ ಎಂದು ದಿನವೂ ಸಂಜೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದಳು, ನಡುಮನೆಯಲ್ಲಿ ಚಾಪೆ ಹಾಸಿದಳು. ನೆಂಟರು ಹೆಚ್ಚಾದರು. ಕೊನೆಗೆ ಒಂದು ದಿನ ನೆಂಟರ ಎದುರಿಗೇ ಸಿಡುಕಿದಳು:

"ಇನ್ನು ಮೇಲೆ ನನ್ನನ್ನು ಕೇಳದೆ ಯಾರನ್ನೂ ಕರ್ಕೊಂಡು ಬರಬೇಡ."

"ನೀನೇನು ನನ್ನ ಅತ್ತೆಯಾ, ಅಪ್ಪಣೆ ಬೇಡೋಕೆ? ದಿನಾ ಚಾಪೆ ಹಾಸಿ ಕಾಯ್ತಿದ್ದೋಳು ನೀನೇ ಅಲ್ವಾ?"

ಹೊಲಿಗೆಯವಳಿಗೆ ದಿಕ್ಕೇ ತೋಚಲಿಲ್ಲ. ಸುಮ್ಮನಿದ್ದರೆ ಸ್ವಾಗತ, ಮಾತಾಡಿದರೆ ಅತ್ತೆ. ತಾನು ಕೇಳಿದ್ದಾದರೂ ಏನು?

ನೆಂಟರು ಹೋದ ಮೇಲೆ, ಇಬ್ಬರ ಸಿಟ್ಟೂ ಇಳಿದ ಮೇಲೆ, ಕಾಫಿ ಕೊಟ್ಟು ಹೇಳಿದಳು: "ಅವತ್ತು ಅವರ ಮುಂದೆ ಹಾಗನ್ನಬಾರದಿತ್ತು. ನನ್ನ ಕೇಳಬೇಡ ಕಣೇ, ಹಿಂದಿನ ದಿನ ಒಂದು ಮಾತು ಹೇಳು ಸಾಕು. ಬರಬೇಡಿ ಅನ್ನಲ್ಲ. ಯಂತ್ರ ನನ್ನ ಕೋಣೆಗೆ ಎಳ್ಕೊಂಡು ಕೆಲಸ ಮಾಡ್ಕೋತೀನಿ. ಆಪತ್ತಿಗೆ ಓಡಿಬಂದವರಿಗೆ ಈ ಮಾತಿಲ್ಲ. ನನ್ನ ಅಕ್ಕ ಬಂದರೂ ನಿನಗೆ ಮೊದಲೇ ಹೇಳ್ತೀನಿ."

"ಇಷ್ಟೇನಾ? ಮೊದಲೇ ಬಾಯಿ ಬಿಟ್ಟಿದ್ದರೆ ನಿನ್ನ ಅಕ್ಕಿಯಾದರೂ ಉಳೀತಿತ್ತು," ಎಂದು ಬಳೆಗಾರ್ತಿ ನಕ್ಕು ಒಪ್ಪಿದಳು.

ಒಪ್ಪಿದಂತೆ ಕೆಲವು ದಿನಗಳ ಮೇಲೆ ಬಂದು ಹೇಳಿದಳು: "ನಾಳೆ ರಾತ್ರಿ ನಮ್ಮ ಚಿಕ್ಕಮ್ಮ ಬರ್ತಾರೆ ಕಣೇ."

ಹೊಲಿಗೆಯವಳು ಕೈಯಲ್ಲಿದ್ದ ಬಟ್ಟೆಯಿಂದ ತಲೆಯೆತ್ತಿದಳು. "ಮತ್ತೇನಾ? ಮೊನ್ನೆ ತಾನೇ ಬಂದಿದ್ದರಲ್ಲ, ಈಗ ಯಾಕಂತೆ?"

ಚಿಕ್ಕಮ್ಮ ಬಂದರು, ಹೋದರು. ಆಮೇಲೆ ಬಂದ ನೆಂಟರ ಸುದ್ದಿ ಮಾತ್ರ ಹೊಲಿಗೆಯವಳಿಗೆ ಮೊದಲು ತಲುಪಲಿಲ್ಲ. ಬೆಳಗ್ಗೆ ನಡುಮನೆಯಲ್ಲಿ ಯಾರೋ ಮಲಗಿರುತ್ತಿದ್ದರು, ಯಂತ್ರ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿತ್ತು.

ಗುರುತಾಯಿ ನಿಲ್ಲಿಸಿದಳು. ಶಿಷ್ಯೆಗೆ ಗೊಂದಲವಾಯಿತು. "ಹೊಲಿಗೆಯವಳು ಅಷ್ಟು ಚೆನ್ನಾಗಿ ಹೇಳಿದ್ದಳಲ್ಲ ಅಮ್ಮ? ಬೇಡ ಅಂತಲೂ ಅನ್ನಲಿಲ್ಲ. ಮತ್ತೆ ತಪ್ಪಿದ್ದೆಲ್ಲಿ?"

ಗುರುತಾಯಿ ಅಂದಳು: "ಹೇಗೆ ಹೇಳಲಿ ಅಂತ ಕೇಳಿದೆಯಲ್ಲ ಮಗಳೇ, ನಿನ್ನ ಕೋಣೆಯವಳು ಬಂದು ಹೇಳಿದ ದಿನ ಹೇಗೆ ಕೇಳಿಸಿಕೊಳ್ಳಲಿ ಅಂತ ಯಾಕೆ ಕೇಳಲಿಲ್ಲ?"