ಹಗ್ಗದ ದ್ಯಾವೀರನೂ ಉಸಿರಿನ ಸಂದೂ

"ಕೇಳಿರಪ್ಪೋ ಕೇಳಿ! ಬೊಬ್ಬೂರಿನ ರಾಜಕುಮಾರಿ ಹೊನ್ನಾಂಬೆ ಮೂರು ಒಗಟು ಹಾಕುತ್ತಾರೆ. ನಾಲ್ಕು ಜನ ದುಂಡಗೆ ಕೂತು ಮಾತಾಡಿ ಬಿಡಿಸಬೇಕು. ರಾಜಕುಮಾರಿಯತ್ತ ತಿರುಗಿ ಯಾರು ಹೇಳಿದರೂ ಅದು ನಾಲ್ವರ ಉತ್ತರ. ಎರಡು ತಪ್ಪು ಮಾಫಿ, ಮೂರನೆಯದಕ್ಕೆ ನಾಲ್ಕು ತಲೆ! ಗೆದ್ದರೆ ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯ ಕೈ!"

ಡಂಗುರದವನು ಹೀಗೆ ಸಾರಿದ್ದನ್ನು ನಾನು ಕಿವಿಯಾರೆ ಕೇಳಿದೆ. ಆಗ ನಾನಿನ್ನೂ ಹುಟ್ಟಿರಲಿಲ್ಲ ಎನ್ನುವವರ ಮಾತು ನಂಬಬೇಡಿ.

ಬಂದವರು ಮೂವರು. ಭರಮಣ್ಣ ಜಟ್ಟಿ, ಗಂಟಲು ನಗಾರಿ. ರುದ್ರಪನಾಯಕ, ಪಾಳೇಗಾರನ ಮಗ, ಆನೆಗೂ ಗದರುವವನು. ನರಹರಿ ಶಾಸ್ತ್ರಿ, ಉಪವಾಸದ ದಿನವೂ ಬಾಯಿಗೆ ಬಿಡುವು ಕೊಡದವನು. ನಾಲ್ಕನೆಯವನಿಲ್ಲ. ಅಷ್ಟರಲ್ಲಿ ಅರಮನೆ ಬಾವಿಗೆ ಹಗ್ಗ ಹೊತ್ತು, ಹಗ್ಗ ಹೊಸೆಯುವ ದ್ಯಾವೀರ ಬಂದ. ಕಾವಲುಗಾರ ಅವನ ರಟ್ಟೆ ಹಿಡಿದು ಕೂರಿಸಿಯೇ ಬಿಟ್ಟ.

"ಅಣ್ಣಾ, ನಾನು ಹಗ್ಗ ಕೊಡಾಕೆ ಬಂದವ..." ಎಂದ ದ್ಯಾವೀರ.

ಯಾರಿಗೂ ಕೇಳಲಿಲ್ಲ. ಹತ್ತಿ ಉದುರಿದಂಥ ದನಿ. ಅವನ ಹೆಂಡತಿಯಾಗಬೇಕಿದ್ದವಳು ಕೂಡ "ಒಪ್ಪಿಗೆಯಾ?" ಎಂದು ಕೇಳಿ, ಉತ್ತರ ಕೇಳಿಸದೆ ಬೇರೆಯವನನ್ನು ಮದುವೆಯಾದಳಂತೆ. ಇದು ನಿಜವೋ, ನಾನೇ ಸೇರಿಸಿದ್ದೋ, ಮರೆತಿದ್ದೇನೆ.

ಹೊನ್ನಾಂಬೆ ಮೊದಲ ಒಗಟು ಹಾಕಿದಳು: "ನನ್ನದೊಂದು ಬಾಗಿಲು. ಕದವಿಲ್ಲ, ಅಗುಳಿಯಿಲ್ಲ. ರೆಪ್ಪೆ ಬಡಿಯುವಷ್ಟರಲ್ಲಿ ತೆರೆದು ಮುಚ್ಚುತ್ತದೆ. ಎಂಥ ಕೂಗುಮಾರಿಯೂ ಅದನ್ನು ತೆರೆಯದೆ ಮುಂದಿನ ಮಾತು ಕೂಗಲಾರ."

"ಬಾಯಿ!" ಎಂದ ಜಟ್ಟಿ, ಯೋಚನೆಗೆ ಮೊದಲೇ.

"ತಪ್ಪು. ಬಾಯಿ ದಿನವಿಡೀ ತೆರೆದೇ ಇರುತ್ತದೆ, ನಿಮ್ಮನ್ನು ನೋಡಿದರೆ ಗೊತ್ತಾಗದೆ?"

ಸಭೆ ಗೊಳ್ಳೆಂದಿತು. ದ್ಯಾವೀರ ಮಾತ್ರ ಕತ್ತು ಸವರಿಕೊಂಡ. ಮೂವರೂ ಜಗಳಕ್ಕೆ ಬಿದ್ದರು. ಅವನು ಜಟ್ಟಿಯ ಬೆನ್ನ ಹಿಂದಿನಿಂದ, "ತಪ್ಪು ತಿಳೀಬ್ಯಾಡಿ, ನಂಗೇನೂ ಗೊತ್ತಿಲ್ಲ, ಆದ್ರೂ..." ಎಂದ. 'ಆದ್ರೂ' ಬರುವಷ್ಟರಲ್ಲಿ ಶಾಸ್ತ್ರಿ ಶ್ಲೋಕ ಶುರುಮಾಡಿಯಾಗಿತ್ತು. ಸರಿ, ಮುಗಿಯಲಿ ಎಂದು ಕಾದ. ಒಬ್ಬ ಮುಗಿಸುವ ಮೊದಲೇ ಇನ್ನೊಬ್ಬ ಹಿಡಿಯುತ್ತಿದ್ದ. ಕಿರುಚಿ ನೋಡಿದ. ದನಿ ಒಡೆಯಿತು, ಅವರು ಇನ್ನಷ್ಟು ಏರಿಸಿದರು.

ಆಗ ಕಣ್ಣು ತೊಡೆಯ ಮೇಲಿದ್ದ ಹಗ್ಗಕ್ಕೆ ಬಿತ್ತು. ಹಳೆ ನಾರು ಪೂರ್ತಿ ಮುಗಿದ ಮೇಲೆ ಹೊಸ ನಾರು ಇಟ್ಟರೆ ಅದು ಸೇರುತ್ತದೆಯೇ? ತುದಿ ಇನ್ನೂ ಉಳಿದಿರುವಾಗಲೇ ಇಡಬೇಕು, ಅದೇ ಕಡೆಗೆ ಹೊಸೆಯಬೇಕು. ಎದುರು ಹೊಸೆದರೆ ಬಿಚ್ಚಿಕೊಳ್ಳುತ್ತದೆ.

ದ್ಯಾವೀರ ಬೆನ್ನ ಹಿಂದಿನಿಂದ ಜರುಗಿ ದುಂಡಿನೊಳಗೆ, ಮೂವರಿಗೂ ಮುಖ ಕಾಣುವಲ್ಲಿ ಕೂತ. ಜಟ್ಟಿಯ ಎದೆಯನ್ನೇ ನೋಡಿದ. "...ರೆಪ್ಪೆ ಅಂದ್ಮೇಲೆ ಕಣ್ಣೇ ಇರಬೇಕು!" ಎಂದು ಜಟ್ಟಿ ಮುಗಿಸಿದ, ಉಸಿರಿಗೆ ಎದೆ ಉಬ್ಬಿತು. ಅದೇ ಸಂದು! ದ್ಯಾವೀರ ಮುಂದಕ್ಕೆ ಬಾಗಿ ಅಂಗೈ ಚಾಚಿದ.

"ಜಟ್ಟಿಗಳೇ, ರೆಪ್ಪೆ ಅಂದ್ರಲ್ಲ, ಅಷ್ಟೇ ಹೊತ್ತು ತೆರೆಯೋದು ಉಸಿರು."

ತನ್ನ ಹೆಸರು, ತನ್ನದೇ ಮಾತು ಕೇಳಿ ಜಟ್ಟಿ ತಿರುಗಿದ. ಅವನು ತಿರುಗಿದ್ದಕ್ಕೆ ಉಳಿದಿಬ್ಬರೂ ತಿರುಗಿದರು. ದ್ಯಾವೀರ ರಾಜಕುಮಾರಿಯ ಕಡೆಗೂ ತಿರುಗಿ "ಉಸಿರು" ಎಂದ.

"ಹೌದು, ಮಾತಿನ ನಡುವೆ ಎಳೆದುಕೊಳ್ಳುವ ಉಸಿರು!" ಎಂದಳು ಹೊನ್ನಾಂಬೆ. ನಾನು ಕಂಬದ ಹಿಂದೆ ಕುಣಿದುಬಿಟ್ಟೆ.

ಎರಡನೆಯದು: "ಕೊಟ್ಟರೂ ಕೊಟ್ಟವನ ಹತ್ತಿರವೇ ಉಳಿಯುತ್ತದೆ. ಹಿಡಿದು ಹಿಂಡಬಹುದು, ಆದರೆ ಬಲವಂತದಿಂದ ಪಡೆಯಲಾಗದು."

"ಮಾತು! ಮಾತು ಕೊಡೋದಿಲ್ವೆ?" ಎಂದು ನಾಯಕ ಗರ್ಜಿಸಿದ.

"ಮಾತನ್ನು ಹಿಂಡುತ್ತೀರಾ? ಎರಡೂ ಮಾಫಿ ಮುಗಿದವು."

ತಲೆ ತೆಗೆಯಲೆಂದೇ ಮೂಲೆಯಲ್ಲಿ ಕೂತಿದ್ದ ಕಟುಕ ಎದ್ದು ನಿಂತು ಕತ್ತಿ ಒರೆಸಿದ. ನಾಯಕ ಬೈಗುಳದ ನಡುವೆ ಉಸಿರೆಳೆದ.

"ನಾಯಕರೇ, ಕೊಡೋದು ಅನ್ನೋದು ಸರಿ, ಕೊಡೋದು ಕಿ—"

"ಕಿರೀಟ!" ಎಂದು ಶಾಸ್ತ್ರಿ ನುಗ್ಗಿದ. ರಾಜಕುಮಾರಿಯ ಕಡೆ ತಿರುಗಿ ಅದನ್ನೇ ಕೂಗಬೇಕು, ಅಷ್ಟೇ ಬಾಕಿ!

ದ್ಯಾವೀರ ದನಿ ಏರಿಸಲಿಲ್ಲ, ಚಾಚಿದ ಕೈ ಇಳಿಸಲೂ ಇಲ್ಲ. "ನಂದು ಮುಗೀಲಿ ಶಾಸ್ತ್ರಿಗಳೇ, ಆಮೇಲೆ ನಿಮ್ದೇ" ಎಂದ, ಅದೇ ಲಯದಲ್ಲಿ.

"ತಡೀರಿ ಸ್ವಾಮಿ!" ಜಟ್ಟಿ ಶಾಸ್ತ್ರಿಯ ಮೊಣಕಾಲು ಅದುಮಿದ. "ಹಗ್ಗದವ ಹೇಳ್ಲಿ. ತಲೆ ನನ್ನದೂ ಇದೆ."

"ಕಿವಿ" ಎಂದ ದ್ಯಾವೀರ, ರಾಜಕುಮಾರಿಯ ಕಡೆ ತಿರುಗಿ. "ಕಿವಿ ಕೊಡ್ತಾರೆ, ಅದು ಕೊಟ್ಟವರ ತಲೆಯಲ್ಲೇ ಇರ್ತದೆ. ಹಿಂಡಿದ್ರೆ ನೋವು, ಗಮನ ಸಿಗಾಕಿಲ್ಲ."

"ಸರಿ!"

ಮೂರನೆಯದು: "ಒಬ್ಬನೇ ಹಿಡಿದುಕೊಂಡರೆ ಗಿಡ್ಡ. ಒಬ್ಬರಿಗೊಬ್ಬರು ಬಿಟ್ಟುಕೊಟ್ಟಷ್ಟೂ ಉದ್ದ. ಎಲ್ಲರೂ ಒಟ್ಟಿಗೆ ಎಳೆದರೆ ತುಂಡು."

"ಹಗ್ಗ! ನಿನ್ನ ಕಸುಬೇ ಕಣೋ!" ಮೂವರೂ ಅವನ ಬೆನ್ನು ಚಪ್ಪರಿಸಿದರು. "ಹಗ್ಗ" ಎಂದು ರಾಜಕುಮಾರಿಗೆ ಹೇಳಲು ನಾಯಕ ಬಾಯಿ ತೆಗೆದೂಬಿಟ್ಟ!

ತೆಗೆದ ಬಾಯಿ ಉಸಿರೆಳೆಯಿತು. ದ್ಯಾವೀರ ಈ ಸಲ ದನಿ ಇನ್ನೂ ತಗ್ಗಿಸಿದ: "ಹಗ್ಗ ಅಲ್ಲ ನಾಯಕರೇ." ಕೇಳಿಸಿಕೊಳ್ಳಲು ಮೂವರೂ ಬಾಗಿದರು. "ನಾನು ಹೊಸೆಯೋ ಹಗ್ಗ ನಾಲ್ಕು ಜನ ಎಳೆದ್ರೂ ತುಂಡಾಗಾಕಿಲ್ಲ. ಕೈ ಬಿಟ್ರೆ ಉದ್ದಾನೂ ಆಗಾಕಿಲ್ಲ. ಬೆಳಗಿಂದ ನಾವು ತುಂಡು ಮಾಡ್ತಿರೋದೇ ಉತ್ತರ." ಆಮೇಲೆ ರಾಜಕುಮಾರಿಯ ಕಡೆ ತಿರುಗಿದ: "ಮಾತುಕತೆ."

ಹೊನ್ನಾಂಬೆ ನಕ್ಕು ಕೈತಟ್ಟಿದಳು. ಕಟುಕನೂ ಕತ್ತಿ ಕಂಕುಳಲ್ಲಿಟ್ಟು ಚಪ್ಪಾಳೆ ತಟ್ಟಿದ. ಕತ್ತಿಗೆ ಅವನ ಅಂಗಿ ಹರಿಯಿತಂತೆ, ಅದಿರಲಿ.

ರಾಜ ಎದ್ದು ಶುರುಮಾಡಿದ: "ಈ ಕ್ಷಣವೇ ಮದುವೆ! ಅರ್ಧ ರಾಜ್ಯ! ಚಪ್ಪರ ಹಾಕಿ! ಮಗಳು—" ಎಂದು ಉಸಿರೆಳೆದ.

"ಮಗಳು ಅಂದ್ರಲ್ಲ ಮಹಾಸ್ವಾಮಿ," ಎಂದ ದ್ಯಾವೀರ, "ಅವರನ್ನ ಕೇಳಿದ್ರಾ?"

ರಾಜ ಮಗಳ ಕಡೆ ತಿರುಗಿದ.

"ಅಪ್ಪಾಜಿ," ಎಂದಳು ಹೊನ್ನಾಂಬೆ, "ಈ ಮನೆಯಲ್ಲಿ ನನ್ನ ಒಂದು ಮಾತು ಪೂರ್ತಿ ಆಗಿದ್ದು ಇವತ್ತೇ. ಅದೂ ತಲೆ ತೆಗೀತೀನಿ ಅಂತ ಹೆದರಿಸಿದ್ದಕ್ಕೆ. ಈತ ಯಾರನ್ನೂ ಹೆದರಿಸದೆ ತನ್ನ ಮಾತು ಪೂರ್ತಿ ಮಾಡಿದ. ನನಗೆ ಒಪ್ಪಿಗೆ. ಹಗ್ಗದವರೇ, ನಿಮಗೆ?"

ದ್ಯಾವೀರ ಏನೋ ಅಂದ. ಈ ಸಲ ಇಡೀ ಬೊಬ್ಬೂರೇ ಬಾಗಿ ಕೇಳಿಸಿಕೊಂಡಿತು.

ಮದುವೆಯ ಊಟದ ಪಂಕ್ತಿಯಲ್ಲೇ ಈ ಕತೆ ಹೇಳಲು ಹೊರಟೆ. ಪಕ್ಕದಲ್ಲಿದ್ದ ಶಾಸ್ತ್ರಿ ಉಸಿರೆಳೆಯಲೇ ಇಲ್ಲ. ಕೊನೆಗೆ ಹೋಳಿಗೆ ತುಂಡು ಅವನ ಬಾಯಿಗೆ ಹೋಯಿತು ನೋಡಿ, ಅದೇ ಸಂದಿನಲ್ಲಿ ನಿಮಗೆ ಹೇಳಿ ಮುಗಿಸಿದ್ದೇನೆ.