ಅಳಿವೆಯ ತಳದ ಪಟ್ಟಣ

ಯಾರ ಮಾತು ಕೇಳುವಾಗಲೂ ಮಂಕಾಳಿ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಕೇಳಲು ನಾಚಿಕೆಯಾದ ಒಂದೊಂದು ಪ್ರಶ್ನೆಗೆ ಒಂದೊಂದು ಗಂಟು.

ನದಿ ಕಡಲು ಸೇರುವ ಅಳಿವೆಯ ದಡದಲ್ಲಿ ಗುರು ಭದ್ರಯ್ಯನವರ ಆಶ್ರಮ. ಅವಳು ಅಲ್ಲಿ ಶಿಷ್ಯೆ. ಪಕ್ಕದ ಊರಿನ ಬಾವಿಗಳೆಲ್ಲ ಉಪ್ಪು. ಸಿಹಿನೀರಿಗೆ ಹೆಂಗಸರು ದಿನವೂ ಗುಡ್ಡ ಹತ್ತಬೇಕು.

ಅಳಿವೆಯ ತಳದಲ್ಲಿ ಚಿನ್ನದ ಪಟ್ಟಣವೊಂದು ಮುಳುಗಿದೆಯೆಂದು ಊರು ನಂಬಿತ್ತು. ಆ ಬೇಸಿಗೆ, ನೀರು ತೀರ ಇಳಿದ ದಿನ, ಮಂಕಾಳಿ ಕೆಸರಿನಲ್ಲಿ ಕಲ್ಲಿನ ಸಾಲುಗಳನ್ನೂ ಅವುಗಳ ನಡುವಿನ ಓಣಿಗಳನ್ನೂ ಕಂಡಳು. ನೂಲು ಹಿಡಿದಷ್ಟು ನೇರ, ಒಂದಕ್ಕೊಂದು ಅಡ್ಡ.

"ಇವು ಬೀದಿಗಳು" ಅಂದಳು. ಅವಳು ಊರವರೆದುರು ತಾನಾಗಿ ಬಾಯಿಬಿಟ್ಟದ್ದು ಅದೇ ಮೊದಲು.

ಮುಖಂಡ ಬೊಮ್ಮಯ್ಯ ಗೌಡರು ಮನೆಗೊಂದು ಆಳು ಕೇಳಿದರು. ಪಟ್ಟಣವಿದ್ದಲ್ಲಿ ಸಿಹಿನೀರಿನ ಬಾವಿಯೂ ಇದ್ದೀತು, ಮಳೆ ಹಿಡಿಯುವ ಮೊದಲು ತಳ ಅಗೆದು ಅದನ್ನು ಹುಡುಕಬೇಕು ಎಂದು ತೀರ್ಮಾನವಾಯಿತು.

ಗುರು ಮಂಕಾಳಿಯನ್ನು ಗುಡ್ಡದ ನೆತ್ತಿಗೆ ಕರೆದೊಯ್ದು, ಬೋಳು ಬಂಡೆಯ ಮೇಲಿನ ತರಗೆಲೆ ಗುಡಿಸಿದರು.

ಅಲ್ಲೂ ಅವೇ ಸಾಲುಗಳು. ಅದೇ ನೇರ, ಅದೇ ದಿಕ್ಕು.

"ಪಟ್ಟಣ ಇಲ್ಲೂ ಮುಳುಗಿತ್ತೇನಮ್ಮ?"

ಮಂಕಾಳಿಯ ಮುಖ ಇಳಿಯಿತು. ಬಂಡೆ ತಾನೇ ನೇರಕ್ಕೆ ಬಿರಿಯುತ್ತದೆ, ನೀರು ಆ ಬಿರುಕನ್ನು ಅಗಲಿಸುತ್ತದೆ. ಅವಳು ಬೀದಿ ಎಂದದ್ದು ಬಿರುಕನ್ನು.

"ಹಾಗಾದರೆ ಪಟ್ಟಣವೆಲ್ಲ ಸುಳ್ಳೇ, ಗುರುಗಳೇ?"

"ಕಡಲು ಊರುಗಳನ್ನು ನುಂಗಿದ್ದುಂಟು. ಅದರ ನೆನಪೂ ಉಳಿದೀತು. ಆದರೆ ಚಿನ್ನ? ದ್ವಾರಕೆ ಮುಳುಗಿತು ಅಂತ ನಾವು ಹೇಳುತ್ತೇವೆ. ತಮಿಳರು ತೆಂಕಣ ನೆಲ ಮುಳುಗಿತು ಅನ್ನುತ್ತಾರೆ. ಕಡಲಾಚೆಯ ಪಡುವಣದವರು ದ್ವೀಪವೊಂದು ಒಂದೇ ಹಗಲು ರಾತ್ರಿಯಲ್ಲಿ ಮುಳುಗಿತು ಅನ್ನುತ್ತಾರೆ. ಮುಳುಗಿದ್ದು ಎಲ್ಲರದೂ ಯಾಕೆ ಅಷ್ಟು ಚೆನ್ನಾಗಿತ್ತು? ಹೋಗಿ ವಿಚಾರಿಸು. ಪಟ್ಟಣದಲ್ಲಿ ಏನಿತ್ತು, ಯಾಕೆ ಮುಳುಗಿತು."

ಅವಳು ಅಳಿವೆಯ ಮೂರು ಊರು ಸುತ್ತಿ ಬಂದಳು.

"ಮೀನುಗಾರರು, ಅಲ್ಲಿ ಅಲೆ ತಾಗದ ಕಲ್ಲಿನ ಬಂದರಿತ್ತು ಅಂದರು. ಬಲೆಯ ಪಾಲಿಗೆ ಅಣ್ಣತಮ್ಮಂದಿರು ಜಗಳವಾಡಿ ಮುಳುಗಿತಂತೆ. ಉಪ್ಪು ಮಾಡುವವರು, ಬೀದಿಯುದ್ದ ನೆರಳಿತ್ತು ಅಂದರು. ಮರ ಕಡಿದ ಪಾಪಕ್ಕೆ ಮುಳುಗಿತಂತೆ. ನಮ್ಮೂರಲ್ಲಿ, ಬಾಗಿಲು ಬಾಗಿಲಿಗೂ ಸಿಹಿನೀರು. ದಾರಿಹೋಕನಿಗೆ ಒಂದು ಗುಟುಕು ಕೊಡದೆ ಮುಳುಗಿತಂತೆ."

ಹೇಳುತ್ತ ಹೇಳುತ್ತ ಅವಳೇ ನಿಂತಳು.

"ಯಾರಿಗೆ ಏನಿಲ್ಲವೋ ಅದೇ ಅಲ್ಲಿದೆ. ಯಾರು ಯಾವ ತಪ್ಪಿಗೆ ನಾಚುತ್ತಾರೋ ಅದರಿಂದಲೇ ಮುಳುಗಿದೆ."

"ಹ್ಞೂಂ."

"ಬೇಕು ಅಂತ ನೇರ ಹೇಳಬಹುದಲ್ಲ. ಹಿಂದೆ ಇತ್ತು ಅನ್ನುವುದೇಕೆ?"

"ಎಂದೂ ಇಲ್ಲದ್ದನ್ನು ಕೇಳಲು ಬಡವನಿಗೆ ಸಂಕೋಚ. ಕಳೆದುಕೊಂಡದ್ದನ್ನು ಕೇಳಲು ಸಂಕೋಚವಿಲ್ಲ."

ಮರುದಿನ ಗುದ್ದಲಿ ಹಿಡಿದು ನೆರೆದ ಊರಿನ ಮುಂದೆ ಮಂಕಾಳಿ ನಿಂತಳು.

"ನಾನು ಹೇಳಿದ್ದು ತಪ್ಪು. ಅದು ಬೀದಿಯಲ್ಲ, ಬಿರುಕು."

"ಬೀದಿ ಅಂದವಳೂ ನೀನೇ, ಬಿರುಕು ಅನ್ನುವವಳೂ ನೀನೇ" ಅಂದರು ಗೌಡರು. "ನಾಳೆ ಏನು ಹೇಳ್ತೀಯ ಮಾರಾಯ್ತಿ?"

ಜನ ನಕ್ಕರು. ಅವಳು ಕದಲಲಿಲ್ಲ.

"ತಳ ಅಗೆದರೆ ದಿನಕ್ಕೆರಡು ಸಲ ಕಡಲು ಬಂದು ತುಂಬುತ್ತದೆ. ಗುಡ್ಡದ ಒರತೆಯಿಂದ ಕಾಲುವೆ ತೋಡಿದರೆ ನೀರು ತಾನೇ ಇಳಿದು ಬರುತ್ತದೆ. ತಳ ಅಗೆಯಲು ಬೇಕಾದಷ್ಟೇ ಆಳು, ಅಷ್ಟೇ ದಿನ."

"ನಮ್ಮ ಕೈಲಾಗುವ ಕೆಲಸವೇ?" ಅಂದರು ಗೌಡರು. "ಪಟ್ಟಣ ಕಟ್ಟಿದವರೆಲ್ಲ ಹಿಂದಿನವರು, ದೊಡ್ಡವರು."

ಹಿಂದಿನಿಂದ ಮುದುಕಿ ದೇವಮ್ಮ ಅಂದಳು: "ಅರವತ್ತು ವರ್ಷ ಕೊಡ ಹೊತ್ತವಳು ನಾನು, ಗೌಡ್ರೇ. ನಿಮ್ಮ ದೊಡ್ಡವರು ಒಂದು ದಿನವೂ ಕೈ ಹಾಕಲಿಲ್ಲ."

ಗುದ್ದಲಿ ಹಿಡಿದವರು ಒಬ್ಬೊಬ್ಬರಾಗಿ ಗುಡ್ಡದ ಕಡೆ ತಿರುಗಿದರು.

ಕೆಂಪುಕಲ್ಲು ಕಡಿದು, ಇಳಿಜಾರು ನೋಡಿ, ಸಂದಿಗೆ ಸುಣ್ಣದ ಗಾರೆ ಮೆತ್ತಿದರು. ಎರಡು ಸಲ ಒಡೆಯಿತು, ಎರಡು ಸಲ ಕಟ್ಟಿದರು. ಮೊದಲ ಮೋಡ ಕಾಣುವ ಮೊದಲೇ ನೀರು ಕೆಸರಾಗಿ ಬಂತು, ಆಮೇಲೆ ತಿಳಿಯಾಗಿ, ಊರ ನಡುವಿನ ತೊಟ್ಟಿಗೆ ಧುಮುಕಿತು. ದೇವಮ್ಮ ಕೊಡ ಬದಿಗಿಟ್ಟು ಬೊಗಸೆಯಲ್ಲೇ ಕುಡಿದಳು. ಗೌಡರು ಅಂಗಿ ಸಮೇತ ನೆನೆದು ನಿಂತರು. ಡೊಳ್ಳು ಎಲ್ಲಿಂದ ಬಂತೋ, ಊರಿಗೆ ಊರೇ ಕುಣಿಯಿತು.

ವಾರ ಕಳೆದಿರಲಿಲ್ಲ, ಮಂಕಾಳಿ ಆಶ್ರಮಕ್ಕೆ ಓಡಿಬಂದಳು. ಅವಳಿಗೆ ನಗುವೂ ಸಿಟ್ಟೂ ಒಟ್ಟಿಗೆ ಬಂದಿದ್ದವು.

"ಕೇಳಿದಿರಾ ಗುರುಗಳೇ? ಕಾಲುವೆ ನಾವು ಕಟ್ಟಿದ್ದಲ್ಲವಂತೆ. ಪಟ್ಟಣದವರದೇ ಹಳೇ ಕಾಲುವೆ, ನಾವು ಮಣ್ಣು ಸರಿಸಿದ್ದಷ್ಟೇ ಅಂತ ಗೌಡರು ಬಂದವರಿಗೆಲ್ಲ ಹೇಳುತ್ತಿದ್ದಾರೆ. ನೀರಿನ ಸುದ್ದಿ ಮುಗಿಯಿತು, ಈಗ ಪಟ್ಟಣದಲ್ಲಿ ಬೇರೆ ಏನೋ ಇತ್ತು ಅಂತ ಶುರುವಾಗಿದೆ. ಹೋಗಿ ತಿದ್ದಲೇ?"

ಗುರು ಎದ್ದು ಮೂಲೆಯ ಗುದ್ದಲಿ ತಂದು ಅವಳ ಕೈಗೆ ಕೊಟ್ಟರು.

"ಈ ಸಲ ಏನಿತ್ತಂತೆ, ಹೇಳು."